ಎರಡು ಬೆರಳ ಸುತ್ತು

ಫಕ್ರುದ್ದೀನ್ ಕಟ್ಟಿದ ತಂತಿಯನ್ನು ಭದ್ರಾವತಿಯಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ಯಾವ ಗೋಡೆಯ ಮೇಲೆ ಎಳೆದರೂ ಗೆರೆ ಹೊಡೆದ ಹಾಗೆ ನೆಟ್ಟಗೆ. ಮಿಕ್ಕ ತಂತಿಯನ್ನು ಎಡಗೈಯ ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ನಡುವೆ ಒಂದು ಪ್ಲಾಸ್ಟಿಕ್ ಕಟ್ಟು ಹಾಕಿ, ಪುಟ್ಟ ಚಕ್ಕುಲಿಯ ಹಾಗೆ ಡಬ್ಬಿಯ ಮೂಲೆಯಲ್ಲಿ ಕೂರಿಸುತ್ತಿದ್ದ. ಮೊದಲು ಟೆಲಿಫೋನ್ ತಂತಿ ಎಳೆಯುವ ಗುತ್ತಿಗೆ ಕೆಲಸ, ಆಮೇಲೆ ನ್ಯೂ ಟೌನಿನ ಮನೆ ಮನೆಗೆ ಕೇಬಲ್ ಟೀವಿ, ಈಗ ಶಿವಮೊಗ್ಗದ ತ್ರಿವಿಕ್ರಮನ ನೆಟ್‌ವರ್ಕ್ ಕಂಪನಿಯಲ್ಲಿ ಏಣಿ ಕೆಲಸ. ಮೂವತ್ತು ವರ್ಷದಲ್ಲಿ ತಂತಿ ಎರಡು ಸಲ ಬದಲಾಯಿತು, ಅವನ ಸುತ್ತು ಬದಲಾಗಲಿಲ್ಲ. ಬೇರೆಯವರು ಕಟ್ಟಿದ್ದು ಕಾಗೆ ಗೂಡಿನಂತೆ ಕೆದರಿಕೊಂಡಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅಂಥವನಿಗೆ ಆ ಗುರುವಾರ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏಕಾಂತಪ್ಪನ ಎರಕದ ಕಾರ್ಖಾನೆಯಲ್ಲಿ, ಕುಲುಮೆಯ ಶೆಡ್ಡಿನಿಂದ ಆಫೀಸಿಗೆ ಎಳೆದಿದ್ದ ಇನ್ನೂರೆಂಬತ್ತು ಮೀಟರಿನ, ಗಾಜಿನೆಳೆಯ ಹೊಸ ಫೈಬರ್ ಲೈನು ನಿಲ್ಲುತ್ತಿರಲಿಲ್ಲ. ಕುಲುಮೆಯ ಬಿಸಿ ಎಷ್ಟಿದೆ ಎಂಬುದು ಆಫೀಸಿನ ಪರದೆಯ ಮೇಲೆ ಗೆರೆಯಾಗಿ ಓಡಬೇಕು. ಅದು ಎರಡು ಹೆಜ್ಜೆ ಓಡಿ ಕಡಿದುಹೋಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಎರಕದ ಮಾಲು ಕೊಳ್ಳುವ ಕಂಪನಿಯವರು ಆ ಗೆರೆಯನ್ನೇ ನೋಡಲು ಬರುವವರಿದ್ದರು. ಏಕಾಂತಪ್ಪ ಬೆಳಗಿನಿಂದ ಮೂರು ಸಲ ಬಂದು ಪರದೆ ನೋಡಿ, ಮೂರು ಸಲವೂ ಏನೂ ಹೇಳದೆ ಹೋಗಿದ್ದ. ಬೈದಿದ್ದರೆ ವಾಸಿ ಇತ್ತು.

ಹತ್ತೂವರೆಗೆ ತ್ರಿವಿಕ್ರಮನ ಫೋನ್ ಬಂತು.

"ಫಕ್ರುದ್ದೀನ್, ಎರಡು ದಿನ ಆಯ್ತು. ಗಗನಾ ಎರಡು ಸಲ ಜಾಯಿಂಟ್ ಕತ್ತರಿಸಿ ಮತ್ತೆ ಹಾಕಿದಾಳಂತೆ. ಕೈ ಸರಿಯಿಲ್ಲದಿದ್ರೆ ಹತ್ತು ಸಲ ಹಾಕಿದ್ರೂ ಅಷ್ಟೇ. ಇವತ್ತು ಮೂರರೊಳಗೆ ಲೈನ್ ನಿಲ್ಲದಿದ್ರೆ ನಾಳೆಯಿಂದ ಮೆಷಿನ್ ನಮ್ಮ ಆಫೀಸಿನ ಅತುಲ್ ಕೈಗೆ ಕೊಡ್ತೀನಿ. ಅವಳು ಮನೇಲಿರ್ಲಿ."

"ಹಂಗನ್ಬೇಡಿ ಸಾರ್. ಹುಡುಗಿ ಕೈ ಚೆನ್ನಾಗಿದೆ."

"ಚೆನ್ನಾಗಿದ್ರೆ ಲೈನ್ ಯಾಕೆ ನಿಂತಿಲ್ಲ?"

ಫಕ್ರುದ್ದೀನ್ ಫೋನನ್ನು ಜೇಬಿಗಿಳಿಸಿದ. ಮೆಷಿನ್ ಎಂದರೆ ಗಾಜಿನ ಎಳೆಗಳನ್ನು ಬೆಸೆಯುವ ಯಂತ್ರ. ಕೂದಲಿನಷ್ಟು ತೆಳ್ಳಗಿನ ಎರಡು ತುದಿಗಳನ್ನು ಎದುರುಬದುರು ಹಿಡಿದು, ಒಂದು ಕಿಡಿ ಹೊಡೆದು, ಕರಗಿಸಿ ಒಂದು ಮಾಡುತ್ತದೆ. ಅದು ಗಗನಾಳ ಕೈಗೆ ಬಂದು ಆರು ತಿಂಗಳಷ್ಟೇ. ಅದಕ್ಕೆ ಮುಂಚೆ ಎರಡು ವರ್ಷ ಅವಳು ಫಕ್ರುದ್ದೀನನ ಏಣಿಯ ಬುಡ ಹಿಡಿದಿದ್ದಳು. ಕಂಬ ಹತ್ತಲು ಕಲಿಸಿದವನು ಅವನೇ. "ಹುಡುಗಿ ಕೈಲಿ ಏಣಿನಾ?" ಎಂದು ನಕ್ಕವರ ಬಾಯಿ ಮುಚ್ಚಿಸಿದವನೂ ಅವನೇ. ಮೆಷಿನ್ ಸಿಕ್ಕ ದಿನ ಅವಳು ಅವನ ಮನೆಗೆ ಬಂದು ಹೆಂಡತಿ ನಸೀಬಾಳ ಕೈಗೆ ಒಂದು ಡಬ್ಬಿ ಬರ್ಫಿ ಕೊಟ್ಟು ಹೋಗಿದ್ದಳು.

ಅವನು ಶೆಡ್ಡಿಗೆ ಬಂದ. ಗಗನಾ ಕುಲುಮೆಯ ಕಡೆಯ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತಿದ್ದಳು. ಹಣೆಯ ಬೆವರು ಒರೆಸಿಕೊಂಡು ಅಲ್ಲಿ ಮಸಿ ಹತ್ತಿತ್ತು.

"ಸಾರ್ ಫೋನ್ ಮಾಡಿದ್ರಾ ಚಾಚಾ?"

"ಮಾಡಿದ್ರು. ಲೈನ್ ಕೇಳಿದ್ರು."

"ನನ್ನನ್ನೂ ಕೇಳಿರ್ತಾರೆ," ಎಂದಳು ಅವಳು. ಅವನು ಕೆಮ್ಮಿದ.

"ನನ್ ಮಾತ್ ಕೇಳು ಮಾರಾಯ್ತಿ. ಇದು ಕುಲುಮೆದೇ ಕಿತಾಪತಿ. ಹಿಂದೆ ಎರಡು ಸಲಾನೂ ಅದೇ ತಾನೆ?"

ಅವನು ಹಾಗೆನ್ನಲು ಕಾರಣವಿತ್ತು. ಅದೇ ದಾರಿಯಲ್ಲಿ ಇದು ಮೂರನೆಯ ತಂತಿ. ಮೊದಲು ಎಳೆದದ್ದು ಹೆಣೆದ ಜೋಡಿ ತಾಮ್ರದ್ದು. ಎರಡು ಎಳೆಗಳನ್ನು ಒಂದಕ್ಕೊಂದು ಹುರಿ ಮಾಡಿರುವುದು ಸುಮ್ಮನೆ ಅಲ್ಲ. ಹೊರಗಿನ ಗದ್ದಲ ಎರಡರ ಮೇಲೂ ಒಂದೇ ಸಮ ಬೀಳಲಿ ಎಂದು. ಆಚೆ ತುದಿಯಲ್ಲಿ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ, ಆದ್ದರಿಂದ ಸಮನಾಗಿ ಬಿದ್ದದ್ದು ಕಳೆದುಹೋಗುತ್ತದೆ. ಜೋಡಿ ಎತ್ತು ಒಂದೇ ಮಳೆಯಲ್ಲಿ ನೆನೆದರೆ ಯಾವುದು ಹೆಚ್ಚು ಒದ್ದೆ ಎಂದು ಯಾರು ಕೇಳುತ್ತಾರೆ? ಆದರೆ ಆ ತಂತಿಯ ಓಟ ನೂರು ಮೀಟರಿಗೆ ಮುಗಿಯುತ್ತದೆ. ನಡುವೆ ಎರಡು ಕಡೆ ಸಂಕೇತವನ್ನು ಮುಂದಕ್ಕೆ ದಾಟಿಸುವ ಪೆಟ್ಟಿಗೆ ಇಟ್ಟು ಓಡಿಸಿದರು. ಪಕ್ಕದಲ್ಲೇ ಕುಲುಮೆಗೆ ಹೋಗುವ ತೋಳುಗಾತ್ರದ ಕರೆಂಟು ಕೇಬಲ್ಲು. ಹುರಿ ಎಷ್ಟೇ ಸಮವಾಗಿದ್ದರೂ ಅಷ್ಟು ದೊಡ್ಡ ಗದ್ದಲದಲ್ಲಿ ಚೂರು ಹೆಚ್ಚುಕಡಿಮೆ ಉಳಿದೇ ಉಳಿಯಿತು. ಕುಲುಮೆ ಹಾಕಿದೊಡನೆ ಲೈನು ಸಾಯುತ್ತಿತ್ತು.

ಆಮೇಲೆ ಫಕ್ರುದ್ದೀನನದೇ ಸಲಹೆಯ ಮೇಲೆ ಕೇಬಲ್ ಟೀವಿಯ ಕೋಆಕ್ಸ್ ಬಂತು. ನಡುವೆ ಒಂದು ತಾಮ್ರ, ಸುತ್ತ ಬಲೆಯ ಕೋಟೆ. ಗದ್ದಲವನ್ನು ಹೊರಗೇ ತಡೆಯುತ್ತದೆ, ದೂರವೂ ಹೋಗುತ್ತದೆ. ಆದರೆ ಕಂಪನಾಂಕ ಹೆಚ್ಚಾದಷ್ಟೂ ಅದರ ಸಂಕೇತ ದಾರಿಯಲ್ಲೇ ಸೊರಗುತ್ತದೆ. ನ್ಯೂ ಟೌನಿನ ಕೊನೆಯ ಬೀದಿಗಳಲ್ಲಿ ಮೇಲಿನ ಚಾನೆಲ್ಲುಗಳೇ ಮೊದಲು ಮಂಕಾಗುತ್ತಿದ್ದದ್ದು ಅದಕ್ಕೇ. ನಡುವೆ ಆಂಪ್ಲಿಫೈಯರ್ ಇಟ್ಟರೆ ಸಂಕೇತದ ಜೊತೆ ಅದರಲ್ಲಿ ಬೆರೆತ ಕಸವೂ ಬೆಳೆಯುತ್ತದೆ. ಸಾಲದ್ದಕ್ಕೆ ಶೆಡ್ಡಿನ ಅರ್ಥಿಂಗು ಬೇರೆ, ಆಫೀಸಿನದು ಬೇರೆ. ಎರಡರ ನಡುವಿನ ಕರೆಂಟು ಕೋಟೆಯ ಬಲೆಯಲ್ಲೇ ಹರಿದು, ಕುಲುಮೆಯ ಮುಂದೆ ಹಾಕಿದ್ದ ಕ್ಯಾಮೆರಾದ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲಕ್ಕೆ ತೆವಳುತ್ತಿದ್ದವು. ಎರಡು ಸಲವೂ ಕುಲುಮೆಯದೇ ಕೈ. ಮೂರನೆಯ ಸಲ ಅದು ಸಾಧುವಾಗಿಬಿಟ್ಟಿತೇ?

"ಬೆಳಕಿಗೆ ಕುಲುಮೆ ಇರೋದೇ ಗೊತ್ತಿಲ್ಲ ಚಾಚಾ," ಎಂದಳು ಗಗನಾ. "ಗಾಜಲ್ಲಿ ಕರೆಂಟ್ ಹರಿಯಲ್ಲ. ಅದರ ಗದ್ದಲ ಇದಕ್ಕೆ ಅಂಟಲ್ಲ."

"ಒಂದ್ಸಲ ನಿಲ್ಲಿಸಿ ನೋಡೋಣ."

ಕುಲುಮೆ ನೋಡಿಕೊಳ್ಳುವ ಮುರಳಿಯನ್ನು ಕಾಡಿ ಬೇಡಿ, ಒಂದು ಸಲದ ಲೋಹ ಸುರಿದಾದ ಮೇಲೆ ಹತ್ತು ನಿಮಿಷ ನಿಲ್ಲಿಸಿದರು. ಗುಂಯ್ ಎನ್ನುವ ಸದ್ದು ಅಡಗಿತು. ಫಕ್ರುದ್ದೀನ್ ಆಫೀಸಿಗೆ ಓಡಿದ. ಗೆರೆ ಮೊದಲಿನ ಹಾಗೇ ಎರಡು ಹೆಜ್ಜೆ ಓಡಿ ಕಡಿಯಿತು. ಅವನಿಗೆ ಕುಲುಮೆಯ ಮೇಲೆ ಇನ್ನಷ್ಟು ಸಿಟ್ಟು ಬಂತು, ತಪ್ಪು ಮಾಡಿಲ್ಲವಲ್ಲ ಎಂದು.

ವಾಪಸು ಬಂದಾಗ ಗಗನಾ ಬೇರೆ ಯಂತ್ರ ಹಚ್ಚಿಕೊಂಡಿದ್ದಳು. ಎಳೆಯೊಳಕ್ಕೆ ಬೆಳಕಿನ ಹೊಡೆತ ಕಳಿಸಿ, ಹಿಂದಿರುಗುವ ಚೂರು ಬೆಳಕಿನ ಲೆಕ್ಕದಲ್ಲಿ ಎಷ್ಟು ದೂರದಲ್ಲಿ ಎಷ್ಟು ನಷ್ಟ ಎಂದು ತೋರಿಸುವುದು. ನಿನ್ನೆಯಿಂದ ಅದು ನಷ್ಟವನ್ನು ಅವಳ ಜಾಯಿಂಟಿನ ಹತ್ತಿರವೇ ತೋರಿಸುತ್ತಿತ್ತು. ಈಗ ಅವಳು ಜಾಗ ಇನ್ನಷ್ಟು ಖಚಿತವಾಗಲೆಂದು ಹೊಡೆತವನ್ನು ಚಿಕ್ಕದು ಮಾಡಿ, ಬಹಳ ಹೊತ್ತು ಪರದೆ ನೋಡಿದಳು. ಒಂದು ಗುಂಡಿ ಒತ್ತಿ ಮತ್ತೆ ನೋಡಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು.

"ಇದೊಂದು ವಿಚಿತ್ರ ಚಾಚಾ. ಆಫೀಸಿಂದ ಇಲ್ಲಿಗೆ ಬರೋದು ಚೆನ್ನಾಗೇ ಬರ್ತಿದೆ. ಇಲ್ಲಿಂದ ಹೋಗೋದೇ ಸೋರ್ತಿದೆ."

"ಒಂದೇ ಎಳೆ ತಾನೆ?"

"ಒಂದೇ. ಆದ್ರೆ ಬರೋದು ಒಂದು ಅಲೆಯ ಬೆಳಕು, ಹೋಗೋದು ಇನ್ನೊಂದು. ಹೋಗೋದರ ಅಲೆ ಉದ್ದ." ಅವಳು ತಡೆದು ಅವನತ್ತ ನೋಡಿದಳು. "ಬೆಳಕು ಗಾಜಿನೊಳಗೆ ಹೆಂಗೆ ನಿಲ್ಲುತ್ತೆ ಅಂತ ಹೇಳಿದ್ನಲ್ಲ, ನೆನಪಿದೆಯಾ?"

ನೆನಪಿತ್ತು. ಗಗನಾ ಹೇಳಿದ ಮೇಲೆ ಅವನು ತನಗೆ ತಾನೇ ಅದನ್ನು ಭದ್ರಾ ನಾಲೆಯ ಲೆಕ್ಕದಲ್ಲಿ ಹೇಳಿಕೊಂಡಿದ್ದ. ಹುಡುಗನಾಗಿದ್ದಾಗ ನಾಲೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ, ನೆಟ್ಟಗೆ ಮೇಲೆ ನೋಡಿದಾಗ ಆಕಾಶ ಕಾಣುತ್ತಿತ್ತು, ಓರೆಯಾಗಿ ದೂರಕ್ಕೆ ನೋಡಿದರೆ ನೀರಿನ ಮೇಲ್ಮೈಯೇ ಕನ್ನಡಿಯಾಗಿ ತಳದ ಕಲ್ಲುಗಳು ಕಾಣುತ್ತಿದ್ದವು. ಗಾಜಿನಲ್ಲೂ ಅಷ್ಟೇ. ಒಳಗಿನ ಗಾಜು ಸಾಂದ್ರ, ಸುತ್ತಲಿನದು ಅದಕ್ಕಿಂತ ಚೂರು ಕಡಿಮೆ. ಬೆಳಕು ಅಂಚಿಗೆ ಸಾಕಷ್ಟು ಓರೆಯಾಗಿ ತಾಕಿದರೆ ಒಂದು ಹನಿಯೂ ಹೊರಗೆ ಹೋಗದೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಹಾಗೇ ಒಳಗೊಳಗೇ ಕಿಲೋಮೀಟರುಗಟ್ಟಲೆ ಓಡುತ್ತದೆ, ತಾಮ್ರದ ಹಾಗೆ ನೂರಿನ್ನೂರು ಮೀಟರಿಗೆ ಏದುಸಿರು ಬಿಡುವುದಿಲ್ಲ.

"ನೆನಪಿದೆ. ಅದಕ್ಕೇನೀಗ?"

"ಏನಿಲ್ಲ. ನಾನು ಆಫೀಸ್ ಕಡೆ ಹೋಗಿ ಕೆಂಪು ಬೆಳಕು ಬಿಡ್ತೀನಿ. ನೀವು ಮೇಲಿನ ಡಬ್ಬಿ ಒಂದ್ಸಲ ತೆಗೆದು ನೋಡಿ. ಎಲ್ಲಾದ್ರೂ ಸೋರ್ತಿದ್ರೆ ಕಣ್ಣಿಗೇ ಕಾಣುತ್ತೆ."

ಮೇಲಿನ ಡಬ್ಬಿ ಹದಿನೆಂಟು ಅಡಿ ಎತ್ತರದಲ್ಲಿ, ಶೀಟಿನ ಕೆಳಗಿನ ಕತ್ತಲೆಯಲ್ಲಿತ್ತು. ಹೊರಗಿಂದ ಬಂದ ದಪ್ಪ ಕೇಬಲ್ಲಿನ ಹೊದಿಕೆ ಬಿಡಿಸಿ, ತೆಳ್ಳನೆಯ ಎಳೆಯನ್ನು ಅಲ್ಲಿಂದ ಕೆಳಗಿಳಿಸಿತ್ತು. ಡಬ್ಬಿ ನೆಲದ ಮೇಲಿದ್ದಾಗಲೇ ಗಗನಾ ಒಳಗಿನ ಎಳೆ ಜೋಡಿಸಿದ್ದಳು, ಮೇಲೆ ಹತ್ತಿ ಗೋಡೆಗೆ ಬಿಗಿದವನು ಫಕ್ರುದ್ದೀನ್. ಅದೆಲ್ಲ ಆದ ಮೇಲೆ ಅವಳು ಕೆಳಗಿನ ಜಾಯಿಂಟ್ ಹಾಕಿದ್ದಳು.

ಅವನು ಹತ್ತಿದ. ಎಡಗೈಯಲ್ಲಿ ಏಣಿ ಹಿಡಿದು, ಬಲಗೈಯಲ್ಲಿ ಮುಚ್ಚಳದ ಸ್ಕ್ರೂ ಬಿಚ್ಚಿದ. ಮುಚ್ಚಳ ತೆಗೆದು ಒಳಗೆ ನೋಡಿದ.

ಡಬ್ಬಿಯ ಮೂಲೆಯಲ್ಲಿ, ಎರಡು ಬೆರಳಿಗೆ ಸುತ್ತಿ ನಡು ಬಿಗಿದ ಪುಟ್ಟ ಚಕ್ಕುಲಿ, ಒಲೆಯ ಕೆಂಡದ ಹಾಗೆ ಕೆಂಪಗೆ ಉರಿಯುತ್ತಿತ್ತು.

ಆಗ ಎಲ್ಲ ನೆನಪಾಯಿತು. ಮೊನ್ನೆ ಡಬ್ಬಿ ಬಿಗಿಯುವಾಗ ಗಗನಾ ಬಿಟ್ಟಿದ್ದ ದೊಡ್ಡ ದೊಡ್ಡ ಸಡಿಲ ಸುತ್ತುಗಳು ಅವನ ಕಣ್ಣಿಗೆ ಚುಚ್ಚಿದ್ದವು. ಎಷ್ಟು ಹೇಳಿಕೊಟ್ಟರೂ ಈ ಹುಡುಗಿಗೆ ಅಚ್ಚುಕಟ್ಟು ಬರಲಿಲ್ಲವಲ್ಲ ಎಂದು ಬೇಸರಪಟ್ಟು, ಬಿಚ್ಚಿ, ಎರಡು ಬೆರಳಿಗೆ ಹನ್ನೆರಡು ಸುತ್ತು ಸುತ್ತಿ, ಕಟ್ಟನ್ನು ಇಕ್ಕಳದಿಂದ ಎಳೆದಿದ್ದ. ಟೆಲಿಫೋನ್ ತಂತಿ ಹಾಗೆ ಸುತ್ತಿಸಿಕೊಂಡು ಮೂವತ್ತು ವರ್ಷ ಒಂದು ಮಾತೂ ಆಡಿರಲಿಲ್ಲ. ತಾಮ್ರ ಎಲ್ಲಿ ಬಗ್ಗಿದರೂ ಕರೆಂಟು ಹಿಂದೆಯೇ ಹೋಗುತ್ತದೆ. ಬೆಳಕು ಹಾಗಲ್ಲ. ಅಷ್ಟು ಕಿರಿದಾದ ತಿರುವಿನಲ್ಲಿ ಅಂಚು ತಾನೇ ಅದರ ಮುಂದೆ ಅಡ್ಡ ಬಂದು ನಿಲ್ಲುತ್ತದೆ, ಓರೆ ಕಡಿಮೆಯಾಗುತ್ತದೆ, ಕನ್ನಡಿ ಕಿಟಕಿಯಾಗುತ್ತದೆ. ಉದ್ದ ಅಲೆಯ ಬೆಳಕು ಮೊದಲೇ ಗಾಜಿನೊಳಗೆ ಸಡಿಲವಾಗಿ ನಿಂತಿರುತ್ತದೆ, ಅದು ಎಲ್ಲಕ್ಕಿಂತ ಹೆಚ್ಚು ಸೋರುತ್ತದೆ.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಚಾಚಾ, ಕೆಂಪು ಏನಾದ್ರೂ ಕಾಣ್ತಿದೆಯಾ?"

ಅವನು ಬಾಯಿ ತೆರೆದ. ಕೆಳಗೆ ಮುರಳಿ ನಿಂತಿದ್ದ, ಪಕ್ಕದಲ್ಲಿ ಏಕಾಂತಪ್ಪ. ಇಬ್ಬರೂ ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು.

"ಇಲ್ಲ," ಎಂದ. "ಇಲ್ಲೇನೂ ಇಲ್ಲ."

"ಸರಿ ಚಾಚಾ," ಎಂದಳು.

ಕಟ್ಟು ಕತ್ತರಿಸಿ, ಸುತ್ತು ಬಿಡಿಸಿ, ಡಬ್ಬಿಯ ಅಂಚಿಗೆ ಎಷ್ಟು ಅಗಲ ಸಾಧ್ಯವೋ ಅಷ್ಟು ಅಗಲವಾಗಿ ಎಳೆಯನ್ನು ಹರಡಿದ. ಕೆಂಡ ಆರಿತು. ಕತ್ತರಿಸಿದ ಕಟ್ಟನ್ನು ಜೇಬಿಗೆ ಹಾಕಿಕೊಂಡು ಇಳಿದ. ಗಗನಾ ಲೈನನ್ನು ಮತ್ತೆ ಚುಚ್ಚಿದಾಗ ಆಫೀಸಿನ ಪರದೆಯ ಮೇಲೆ ಗೆರೆ ಎಲ್ಲೂ ಕಡಿಯದೆ ಓಡಿತು. ಆಗ ಮಧ್ಯಾಹ್ನದ ಒಂದು ಗಂಟೆ ಇನ್ನೂ ಆಗಿರಲಿಲ್ಲ.

"ಏನ್ ಮಾಡಿದ್ರಿ ಚಾಚಾ?"

"ಕೆಳಗಿನ ಕನೆಕ್ಟರ್ ತೆಗೆದು ಒರೆಸಿದೆ. ಧೂಳಿತ್ತು."

"ಓ," ಎಂದಳು ಗಗನಾ.

ಇಷ್ಟಕ್ಕೇ ಮುಗಿದಿದ್ದರೆ ಫಕ್ರುದ್ದೀನ್ ಒಂದು ವಾರ ಒಳಗೊಳಗೇ ಬೆಂದು ಮರೆತುಬಿಡುತ್ತಿದ್ದನೋ ಏನೋ. ಆದರೆ ಏಕಾಂತಪ್ಪ ಅಲ್ಲೇ ನಿಂತು ತ್ರಿವಿಕ್ರಮನಿಗೆ ಫೋನ್ ಹಚ್ಚಿದ. ಎರಡು ದಿನ ತಡೆದುಕೊಂಡದ್ದೆಲ್ಲ ಈಗ ಬಾಯಿಗೆ ಬಂತು. ಒಂದು ಚೂರು ಧೂಳಿಗೆ ತನ್ನ ಕಾರ್ಖಾನೆಯನ್ನು ಕಾಯಿಸಿದಿರಲ್ಲ ಎಂದು ಕೂಗಿ, ಫೋನನ್ನು ಫಕ್ರುದ್ದೀನನ ಕೈಗಿಟ್ಟ.

"ಧೂಳಾ?" ಎಂದ ತ್ರಿವಿಕ್ರಮ. "ಕನೆಕ್ಟರ್ ಒರೆಸಿ ಹಾಕೋದು ಯಾರ ಕೆಲಸ? ಅವಳದ್ದೇ ತಾನೆ? ನೀವು ಏಣಿಯವರು, ನಿಮಗೆ ಹೊಳೆದದ್ದು ಅವಳಿಗೆ ಹೊಳೀಲಿಲ್ಲ. ಮುಗೀತು. ಸಂಜೆ ಮೆಷಿನ್ ತಂದು ಆಫೀಸಲ್ಲಿ ಇಡೋಕೆ ಹೇಳಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಆಗಲೇ ಹೇಳಬಹುದಿತ್ತು. ಫೋನ್ ಕಿವಿಯಲ್ಲೇ ಇತ್ತು. ಅದನ್ನು ಏಕಾಂತಪ್ಪನಿಗೆ ವಾಪಸು ಕೊಟ್ಟ. ಗಗನಾ ಅವನ ಮುಖ ನೋಡಿಯೇ ವಿಷಯ ತಿಳಿದು, ಮೆಷಿನನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಭುಜಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದದ್ದಕ್ಕೆ, "ಬೇಡ ಚಾಚಾ, ನೀವು ಊಟ ಮಾಡಿ," ಎಂದಳು.

ಮನೆಯಲ್ಲಿ ನಸೀಬಾ ತಟ್ಟೆ ಇಟ್ಟಳು. ಅವನು ಒಂದು ತುತ್ತು ಕಲಸಿದ, ಎದ್ದು ನೀರು ಕುಡಿದ, ಕೂತ, ಮತ್ತೆ ಎದ್ದು ಕಿಟಕಿ ತೆಗೆದ, ಹಾಕಿದ. ಜೇಬಿನ ಕಟ್ಟು ತೊಡೆಗೆ ಚುಚ್ಚುತ್ತಿತ್ತು. ಪಕ್ಕದ ಮನೆಯ ಟೀವಿಯಲ್ಲಿ ಯಾರೋ "ಕಳ್ಳ" ಎಂದು ಕಿರುಚಿದರೆ ಬೆಚ್ಚಿ ತಿರುಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಕ್ಯಾ ಹುವಾ ಜೀ?" ಎಂದಳು ನಸೀಬಾ. "ಏನ್ ಮಾಡ್ಕೊಂಡ್ ಬಂದಿದೀರಿ?"

"ಏನಿಲ್ಲ. ಗಗನಾನ ಮೆಷಿನ್ ಕಿತ್ಕೊಂಡ್ರು."

"ಅಯ್ಯೋ! ಆ ಹುಡುಗಿ ಏನ್ ತಪ್ಪು ಮಾಡಿದ್ಳು?"

ನಸೀಬಾ ಅವನನ್ನೊಮ್ಮೆ ನೋಡಿದಳು, ತಟ್ಟೆಯನ್ನೊಮ್ಮೆ ನೋಡಿದಳು. ಮೂವತ್ತು ವರ್ಷ ಒಟ್ಟಿಗೆ ಉಂಡವಳಿಗೆ ಬೇರೆ ಯಂತ್ರ ಬೇಕಿರಲಿಲ್ಲ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ," ಎಂದು ತಟ್ಟೆ ತೆಗೆದಳು. "ಹೋಗೋದಾದ್ರೆ ಈಗ್ಲೇ ಹೋಗಿ. ಊಟ ಆಮೇಲೆ ಮಾಡೋರಂತೆ."

ಶಿವಮೊಗ್ಗದ ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಕಟ್ಟಿದ. ಮಾಚೇನಹಳ್ಳಿ ಬರುವ ಹೊತ್ತಿಗೆ ಹತ್ತೂ ಸುಳ್ಳಿನ ವಾಸನೆ ಹೊಡೆದವು. ಡಬ್ಬಿ ಚಿಕ್ಕದು, ಬೆಳಕು ಕಡಿಮೆ ಇತ್ತು, ಯಾರೂ ಹೇಳಿರಲಿಲ್ಲ. ಹೇಳಿದ್ದರಲ್ಲ! ಎಳೆಯನ್ನು ಮುಷ್ಟಿಗಿಂತ ಚಿಕ್ಕದಾಗಿ ಸುತ್ತಬೇಡಿ ಚಾಚಾ ಎಂದು ಗಗನಾ ಎರಡು ಸಲ ಹೇಳಿದ್ದಳು. ನನಗೇ ಸುತ್ತಲು ಕಲಿಸುತ್ತಾಳೆ ಎಂದು ಅವನು ನಕ್ಕಿದ್ದ.

ದುರ್ಗಿಗುಡಿಯ ಕಂಪನಿ ಆಫೀಸಿನಲ್ಲಿ ಮೆಷಿನಿನ ಪೆಟ್ಟಿಗೆ ಮೇಜಿನ ಮೇಲೆ ತೆರೆದಿತ್ತು. ಅತುಲ್ ಅದರ ಕೈಪಿಡಿ ತಿರುವುತ್ತಿದ್ದ. ಗಗನಾ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತ್ರಿವಿಕ್ರಮ ತಲೆಯೆತ್ತಿದ. "ಏನ್ ಫಕ್ರುದ್ದೀನ್, ನೀವ್ಯಾಕೆ ಬಂದ್ರಿ?"

ಫಕ್ರುದ್ದೀನ್ ಕಟ್ಟಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಕಪಾಟಿನಿಂದ ಒಂದು ತೆಳುವಾದ ಗಾಜಿನೆಳೆ ತೆಗೆದ. "ಅತುಲ್, ಇದರ ಒಂದು ತುದಿಗೆ ಉದ್ದ ಅಲೆಯ ಬೆಳಕು ಹಾಕು, ಇನ್ನೊಂದು ತುದಿ ಮೀಟರಿಗೆ ಕೊಡು," ಎಂದ. ಬೆಳಕು ಸೋರಿದಷ್ಟೂ ಅಂಕಿ ಇಳಿಯುವ ಆ ಮೀಟರು ಮೈನಸ್ ಏಳು ತೋರಿಸಿತು.

"ಸಾರ್, ನೋಡ್ತಿರಿ."

ಎಡಗೈಯ ಎರಡು ಬೆರಳು ಚಾಚಿ ಸುತ್ತತೊಡಗಿದ. ಬೆರಳಿಗೆ ಅಭ್ಯಾಸವಾದ ಕೆಲಸ, ಬಿಗಿಯಾಗಿ, ಸಾಲಾಗಿ, ಒಂದರ ಪಕ್ಕ ಒಂದು. ಮೂರನೆಯ ಸುತ್ತಿಗೆ ಮೀಟರು ಮೈನಸ್ ಹನ್ನೆರಡಕ್ಕೆ ಇಳಿಯಿತು. ಹನ್ನೆರಡನೆಯದಕ್ಕೆ ಇಪ್ಪತ್ತಾರು. ಸಡಿಲಬಿಟ್ಟ, ಮತ್ತೆ ಏಳು. ಜೇಬಿನಿಂದ ಕತ್ತರಿಸಿದ ಕಟ್ಟು ತೆಗೆದು ಮೇಜಿನ ಮೇಲಿಟ್ಟ.

"ಧೂಳಿರ್ಲಿಲ್ಲ ಸಾರ್. ಮೇಲಿನ ಡಬ್ಬೀಲಿ ನಾನು ಹಿಂಗೆ ಸುತ್ತಿಟ್ಟಿದ್ದೆ. ಗಗನಾ ಸರಿಯಾಗೇ ಹಾಕಿದ್ಳು, ನಾನು ಬಿಚ್ಚಿ ಕೆಡಿಸಿದೆ. ಅವಳ ಜಾಯಿಂಟ್ ಮೊದಲನೇ ದಿನದಿಂದ್ಲೂ ಚೆನ್ನಾಗಿತ್ತು. ಕಣ್ಣಾರೆ ನೋಡಿ, ಅವಳಿಗೂ ಸುಳ್ಳು ಹೇಳಿದೆ, ನಿಮಗೂ ಹೇಳಿದೆ."

ತ್ರಿವಿಕ್ರಮ ಆ ಕಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ಮಧ್ಯಾಹ್ನ ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು ಸಾರ್. ಇಷ್ಟು ವರ್ಷ ಎಲ್ಲರಿಗೂ ಸುತ್ತೋದು ಹೇಳ್ಕೊಟ್ಟೋನು."

ಅತುಲ್ ಪಾಪ, ಕೈಪಿಡಿ ಮುಚ್ಚಿ ಮೆಷಿನಿನ ಪೆಟ್ಟಿಗೆಯನ್ನು ಗಗನಾಳ ಕಡೆಗೆ ಸರಿಸಿದ. ತ್ರಿವಿಕ್ರಮ ಅದನ್ನು ತಡೆಯಲಿಲ್ಲ.

"ಏಕಾಂತಪ್ಪನವರಿಗೆ ನೀವೇ ಹೋಗಿ ಹೇಳ್ಬೇಕು," ಎಂದ ಕೊನೆಗೆ. "ಇನ್ಮೇಲೆ ಯಾವ ಡಬ್ಬಿ ಮುಚ್ಚಳಾನೂ ಗಗನಾನ ಕೇಳದೆ ತೆಗೀಬೇಡಿ. ಏಣಿ ನಿಮ್ದು, ಎಳೆ ಅವಳದ್ದು."

"ಆಯ್ತು ಸಾರ್," ಎಂದ ಫಕ್ರುದ್ದೀನ್. ಎದೆಗೆ ನಾಟಿತು, ಆದರೂ ಬೆಳಗಿನಿಂದ ಮೊದಲ ಸಲ ಕಾಲು ನೆಲದ ಮೇಲೆ ನಿಂತಂತಾಯಿತು.

ಇಬ್ಬರೂ ಹೊರಗೆ ಬಂದರು. ಬೀದಿಯಲ್ಲಿ ಸಂಜೆಯ ಗದ್ದಲ. ಗಗನಾ ಮೆಷಿನಿನ ಪೆಟ್ಟಿಗೆಯನ್ನು ಸ್ಕೂಟರಿನ ಸೀಟಿನ ಮೇಲಿಟ್ಟು, ಚೀಲದಿಂದ ಮಡಿಸಿದ ಒಂದು ಕಾಗದ ತೆಗೆದು ಅವನ ಕೈಗೆ ಕೊಟ್ಟಳು. ಯಂತ್ರದ ಗೆರೆಗಳನ್ನು ಅಚ್ಚು ಹಾಕಿಸಿದ್ದ ಕಾಗದ. ಎರಡು ಗೆರೆ. ಒಂದೇ ಜಾಗದಲ್ಲಿ ಒಂದು ಗೆರೆ ಚೂರೇ ತಗ್ಗಿತ್ತು, ಇನ್ನೊಂದು ಬಾವಿಗೆ ಬಿದ್ದಿತ್ತು.

"ಬೆಳಿಗ್ಗೆ ನೀವು ಏಣಿ ಹತ್ತೋಕೆ ಮುಂಚೆ ತೆಗೆದದ್ದು," ಎಂದಳು. "ಧೂಳಾದ್ರೆ, ಜಾಯಿಂಟ್ ಕೆಟ್ಟಿದ್ರೆ, ಎರಡೂ ಅಲೆ ಹೆಚ್ಚುಕಡಿಮೆ ಒಂದೇ ಸಮ ಇಳೀತವೆ. ಬಗ್ಗಿದ್ರೆ ಮಾತ್ರ ಉದ್ದ ಅಲೆ ಹಿಂಗೆ ಬೀಳೋದು. ಅದೂ ನನ್ನ ಜಾಯಿಂಟಿಗೆ ಎಂಟು ಮೀಟರ್ ಹಿಂದೆ, ಮೇಲಿನ ಡಬ್ಬೀಲಿ. ಅಲ್ಲಿ ಎರಡು ಬೆರಳಿಗೆ ಸುತ್ತೋರು ಯಾರು ಅಂತ ನಂಗೆ ಗೊತ್ತಿಲ್ವಾ ಚಾಚಾ?"

ಫಕ್ರುದ್ದೀನ್ ಕಾಗದವನ್ನು ಮತ್ತೊಮ್ಮೆ ನೋಡಿದ. "ಹಂಗಾದ್ರೆ ಒಳಗೆ ಯಾಕೆ ತೋರಿಸ್ಲಿಲ್ಲ ಮಾರಾಯ್ತಿ? ಸುಮ್ನೆ ಕೂತಿದ್ಯಲ್ಲ!"

"ನೀವೇ ಹೇಳ್ಲಿ ಅಂತ. ನಾಳೆ ಬೆಳಿಗ್ಗೆ ಹತ್ತರವರೆಗೂ ಕಾಯೋದು ಅಂದ್ಕೊಂಡಿದ್ದೆ."

"ಹತ್ತಾದ ಮೇಲೆ?"

ಗಗನಾ ಕಾಗದ ವಾಪಸು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು.

"ಹತ್ತಾದ ಮೇಲೆ ನಾನೇ ತೋರಿಸ್ತಿದ್ದೆ," ಎಂದು ಹಿಂದಿನ ಸೀಟಿನಲ್ಲಿ ಕೂತು ಮೆಷಿನನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಡೀರಿ, ಚಾಚಿ ಕಾಯ್ತಿರ್ತಾರೆ."